ಲೆವೆಲಿಂಗ್ ಅಧ್ಯಾಯದಿಂದ ಒಂದು ಗಂಟೆಯ ಪಾಠ: ಪ್ರಶ್ನೆ ಮೊದಲು, ಸ್ಲೈಡ್ ಆಮೇಲೆ

ಡಿಪ್ಲೊಮಾ ಸಿವಿಲ್ ತರಗತಿಯ ಸರ್ವೇಯಿಂಗ್ ಪುಸ್ತಕ ಯಾವುದೇ ಇರಲಿ, ಲೆವೆಲಿಂಗ್ ಅಧ್ಯಾಯದ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಹತ್ತು-ಹನ್ನೆರಡು ವ್ಯಾಖ್ಯೆಗಳು, ಆಮೇಲೆ ಡಂಪಿ ಲೆವೆಲ್‌ನ ಭಾಗಗಳು, ಉಪಕರಣ ನಿಲ್ಲಿಸುವ ಹಂತಗಳು, ಲೆವೆಲಿಂಗ್‌ನ ವಿಧಗಳು, ಕೊನೆಗೆ ಫೀಲ್ಡ್ ಬುಕ್ ತುಂಬಿ ಆರ್‌ಎಲ್ ತೆಗೆಯುವ ಲೆಕ್ಕ. ಇದನ್ನು ಸ್ಲೈಡ್ ಮಾಡಲು ಕೂತವರು ಸಾಮಾನ್ಯವಾಗಿ ಮೊದಲ ಪುಟದಿಂದಲೇ ಶುರು ಮಾಡುತ್ತಾರೆ. ವ್ಯಾಖ್ಯೆಗೊಂದು ಸ್ಲೈಡ್, ಚಿತ್ರಕ್ಕೊಂದು ಸ್ಲೈಡ್ ಎಂದು ಮಾಡುತ್ತ ಹೋದರೆ ನಲವತ್ತು ಸ್ಲೈಡ್ ತುಂಬುತ್ತವೆ, ಲೆಕ್ಕಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಪರೀಕ್ಷೆಯಲ್ಲಿ ಹುಡುಗರು ಎಡವುವುದು ಮಾತ್ರ ಆ ಲೆಕ್ಕದಲ್ಲೇ.

ಹಾಗಾಗಿ ಕೆಲಸವನ್ನು ತಿರುಗಿಸಿ ಮಾಡಬೇಕು. ತರಗತಿ ಮುಗಿದಾಗ ವಿದ್ಯಾರ್ಥಿ ತನ್ನ ಕೈಯಿಂದ ಏನು ಮಾಡಿ ತೋರಿಸಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಅದನ್ನು ಮಾಡುವಾಗ ಅವನು ಎಲ್ಲಿ ತಪ್ಪುತ್ತಾನೆ ಎಂದು ಪಟ್ಟಿ ಮಾಡಿ. ಆ ತಪ್ಪುಗಳನ್ನು ಹಿಡಿಯುವ ಪ್ರಶ್ನೆಗಳನ್ನು ಬರೆಯಿರಿ. ಪ್ರಶ್ನೆಗೆ ಉತ್ತರಿಸಲು ಬೇಕಾದ ಅನುಭವ ಕೊಡುವ ಚಟುವಟಿಕೆ ಹುಡುಕಿ. ಸ್ಲೈಡ್ ಮಾಡುವ ಸರದಿ ಇದೆಲ್ಲ ಮುಗಿದ ಮೇಲೆ. ಬಾಗಲಕೋಟೆಯ ಕಡೆಯ ಒಂದು ಪಾಲಿಟೆಕ್ನಿಕ್ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನೇ ಒಂದು ಗಂಟೆಯ ಪಾಠವಾಗಿ ಕಟ್ಟೋಣ. ಐವತ್ತು-ಅರವತ್ತು ಜನ, ಅರ್ಧಕ್ಕಿಂತ ಹೆಚ್ಚು ಮಂದಿ ಕನ್ನಡ ಮಾಧ್ಯಮದಿಂದ ಬಂದವರು, ಪುಸ್ತಕ ಇಂಗ್ಲಿಷಿನದು.

ಅಧ್ಯಾಯದಿಂದ ಎಷ್ಟು ಎತ್ತಿಕೊಳ್ಳಬೇಕು

ಈ ಗಂಟೆಯ ಗುರಿ ಇಷ್ಟೇ: ಉಪಕರಣವನ್ನು ಒಮ್ಮೆ ಸ್ಥಳ ಬದಲಿಸಿ ತೆಗೆದ ಏಳು ರೀಡಿಂಗ್ ಕೊಟ್ಟರೆ, ಅವನ್ನು ಫೀಲ್ಡ್ ಬುಕ್ ಕೋಷ್ಟಕದಲ್ಲಿ ಸರಿಯಾದ ಕಾಲಂಗೆ ಹಾಕಿ, ಹೈಟ್ ಆಫ್ ಇನ್‌ಸ್ಟ್ರುಮೆಂಟ್ ಪದ್ಧತಿಯಲ್ಲಿ ಎಲ್ಲ ಬಿಂದುಗಳ ಆರ್‌ಎಲ್ ತೆಗೆದು, ಕೊನೆಗೆ ತಾಳೆ ನೋಡುವುದು. ಈ ವಾಕ್ಯದ ಪಕ್ಕ ಅಧ್ಯಾಯವನ್ನು ಇಟ್ಟುಕೊಂಡು ಪ್ರತಿ ಪ್ಯಾರಾಕ್ಕೂ ಒಂದೇ ಪ್ರಶ್ನೆ ಕೇಳಿ: ಇದಿಲ್ಲದೆ ಆ ಲೆಕ್ಕ ನಡುವೆ ನಿಂತುಹೋಗುತ್ತದೆಯೆ? ನಿಂತುಹೋಗದಿದ್ದರೆ ಈ ಗಂಟೆಗೆ ಅದು ಬೇಡ.

ಉಪಕರಣದ ಭಾಗಗಳು ಹೀಗೆ ಹೊರಗೆ ಹೋಗುತ್ತವೆ. ಅವುಗಳ ಜಾಗ ಪ್ರಾಯೋಗಿಕ ತರಗತಿ. ಫುಟ್ ಸ್ಕ್ರೂ ತಿರುಗಿಸಿ ಗುಳ್ಳೆಯನ್ನು ನಡುವೆ ತರುವುದನ್ನು ಸ್ಲೈಡಿನಲ್ಲಿ ತೋರಿಸಿ ಯಾರೂ ಕಲಿತಿಲ್ಲ. ಭೂಮಿಯ ವಕ್ರತೆಯ ತಿದ್ದುಪಡಿಯೂ ಈಗ ಬೇಡ, ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ದೂರವನ್ನು ಕಿಲೋಮೀಟರಿನಲ್ಲಿ ಹಿಡಿದರೆ ತಿದ್ದುಪಡಿ ಮೀಟರಿನಲ್ಲಿ 0.0785 d². ಉಪಕರಣದಿಂದ 60 ಮೀಟರ್ ದೂರದ ಸ್ಟಾಫ್‌ಗೆ ಇದು 0.28 ಮಿಲಿಮೀಟರ್ ಆಗುತ್ತದೆ. ನಮ್ಮ ಸ್ಟಾಫ್‌ನ ಅತಿ ಚಿಕ್ಕ ಗುರುತೇ 5 ಮಿಲಿಮೀಟರ್. ಅಂದರೆ ಈ ತರಗತಿಯ ಕೆಲಸದಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ.

ವ್ಯಾಖ್ಯೆಗಳಲ್ಲಿ ಉಳಿಯುವುದು ಆರು: ಬೆಂಚ್ ಮಾರ್ಕ್, ಆರ್‌ಎಲ್, ಹೈಟ್ ಆಫ್ ಇನ್‌ಸ್ಟ್ರುಮೆಂಟ್, ಬ್ಯಾಕ್ ಸೈಟ್, ಫೋರ್ ಸೈಟ್, ಇಂಟರ್‌ಮೀಡಿಯೆಟ್ ಸೈಟ್. ಚೇಂಜ್ ಪಾಯಿಂಟ್ ಏಳನೆಯದಾಗಬಹುದಿತ್ತು, ಆದರೆ ಅದು ಲೆಕ್ಕದ ನಡುವೆ ತಾನಾಗಿಯೇ ಬರುತ್ತದೆ, ಅಲ್ಲೇ ಹೆಸರಿಟ್ಟರೆ ಸಾಕು. ಈ ಪದಗಳನ್ನು ಸ್ಲೈಡಿನಲ್ಲಿ ಕನ್ನಡಕ್ಕೆ ತಿರುಗಿಸಲು ಹೋಗಬೇಡಿ. ಫೀಲ್ಡ್ ಬುಕ್‌ನಲ್ಲಿ, ಪ್ರಶ್ನೆಪತ್ರಿಕೆಯಲ್ಲಿ, ನಾಳೆ ಸೈಟಿನಲ್ಲಿ ಕಾಣುವುದು ಅದೇ ಪದಗಳು. ಪದದ ಮುಂದಿನ ವಿವರಣೆ ಕನ್ನಡದಲ್ಲಿರಲಿ, ಅಷ್ಟು ಸಾಕು.

ತಪ್ಪುಗಳ ಪಟ್ಟಿ

ಈ ಲೆಕ್ಕದಲ್ಲಿ ವರ್ಷ ವರ್ಷವೂ ಬರುವ ತಪ್ಪುಗಳು ನಾಲ್ಕೈದೇ. ಹಳೆಯ ಟೆಸ್ಟ್ ಪೇಪರುಗಳ ಒಂದು ಕಟ್ಟು ತಿರುವಿದರೂ ಸಿಗುತ್ತವೆ.

ಮೊದಲನೆಯದು, ಸ್ಟಾಫ್ ರೀಡಿಂಗ್ ದೊಡ್ಡದಾದರೆ ಆ ಜಾಗವೂ ಎತ್ತರ ಎಂದುಕೊಳ್ಳುವುದು. ನಿಜ ಇದಕ್ಕೆ ಉಲ್ಟಾ. ನೋಟದ ರೇಖೆ ಮಟ್ಟವಾಗಿ ನಿಂತಿರುವಾಗ ನೆಲ ತಗ್ಗಿದಷ್ಟೂ ಸ್ಟಾಫ್‌ನ ಮೇಲಿನ ಅಂಕೆ ರೇಖೆಗೆ ಸಿಗುತ್ತದೆ. ಎರಡನೆಯದು, ಉಪಕರಣ ಸರಿಸಿದ ಮೇಲೂ ಹಳೆಯ ಹೈಟ್ ಆಫ್ ಇನ್‌ಸ್ಟ್ರುಮೆಂಟ್‌ನಿಂದಲೇ ಕಳೆಯುವುದು. ಮೂರನೆಯದು, ಚೇಂಜ್ ಪಾಯಿಂಟ್‌ನ ಎರಡು ರೀಡಿಂಗ್‌ಗಳನ್ನು ಎರಡು ಸಾಲಿನಲ್ಲಿ ಬರೆಯುವುದು. ಪ್ರಶ್ನೆಯಲ್ಲಿ ಏಳು ರೀಡಿಂಗ್ ಇದ್ದರೆ ಏಳು ಸಾಲು ಹಾಕುತ್ತಾರೆ. ಉಪಕರಣ ಒಮ್ಮೆ ಸರಿದಿದ್ದರೆ ಬಿಂದುಗಳು ಆರೇ. ನಾಲ್ಕನೆಯದು, ಬ್ಯಾಕ್ ಸೈಟ್ ಎಂದರೆ ಹಿಂದಕ್ಕೆ ತಿರುಗಿ ನೋಡಿದ್ದು ಎಂದು ದಿಕ್ಕಿಗೆ ಗಂಟು ಹಾಕುವುದು. ಉಪಕರಣ ನಿಲ್ಲಿಸಿದ ಮೇಲೆ ಆರ್‌ಎಲ್ ಗೊತ್ತಿರುವ ಬಿಂದುವಿನ ಮೇಲೆ ತೆಗೆದ ಮೊದಲ ರೀಡಿಂಗ್ ಅದು, ದಿಕ್ಕು ಯಾವುದಾದರೂ ಇರಲಿ. ಐದನೆಯದು ಸ್ವಲ್ಪ ಸೂಕ್ಷ್ಮ: ಕೊನೆಯ ತಾಳೆ ಸರಿ ಬಂದರೆ ಎಲ್ಲ ಉತ್ತರವೂ ಸರಿ ಎಂಬ ನಂಬಿಕೆ.

ಇಡೀ ಪಾಠ ಈ ಐದರ ಸುತ್ತಲೇ ನಿಲ್ಲುತ್ತದೆ. ಪ್ರಶ್ನೆಯ ತಪ್ಪು ಆಯ್ಕೆಗಳೂ ಇಲ್ಲಿಂದಲೇ ಹುಟ್ಟಬೇಕು.

ಉದಾಹರಣೆಯ ಅಂಕೆಗಳು

ಪುಸ್ತಕದ ಲೆಕ್ಕಗಳಲ್ಲಿ ಬೆಂಚ್ ಮಾರ್ಕ್ ಸಾಮಾನ್ಯವಾಗಿ 100.000 ಮೀಟರ್. ಕಳೆಯಲು ಸುಲಭ, ಆದರೆ ಆರ್‌ಎಲ್ ಎಂದರೆ ಯಾವುದರಿಂದ ಅಳೆದದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಅಂಕೆ ಎಲ್ಲರ ಬಾಯಲ್ಲಿದೆ. ಆಲಮಟ್ಟಿಯ ಪೂರ್ಣ ಜಲಾಶಯ ಮಟ್ಟ 519.60 ಮೀಟರ್. ಕೃಷ್ಣಾ ಎರಡನೆಯ ಜಲವಿವಾದ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿದ ಮಟ್ಟ 524.256 ಮೀಟರ್. ಹಿನ್ನೀರಿನ ಹಳ್ಳಿಗಳ ಮಕ್ಕಳು ಈ ಎರಡು ಸಂಖ್ಯೆಗಳನ್ನು ಚಿಕ್ಕಂದಿನಿಂದ ಕೇಳಿರುತ್ತಾರೆ. ಆದರೆ ಅದು ಅಣೆಕಟ್ಟಿನ ಎತ್ತರ ಎಂದು ತಿಳಿದವರು ತರಗತಿಯಲ್ಲಿ ಖಂಡಿತ ಇರುತ್ತಾರೆ. ಅದು ಸಮುದ್ರದ ಸರಾಸರಿ ಮಟ್ಟದಿಂದ ಎಣಿಸಿದ ಆರ್‌ಎಲ್. ಮೊದಲ ಸ್ಲೈಡಿಗೆ ಇದೊಂದೇ ಸಾಲು ಸಾಕು: 519.60 ಮೀಟರ್, ಎಲ್ಲಿಂದ?

ಒಂದು ಎಚ್ಚರಿಕೆ. ತರಗತಿಯಲ್ಲಿ ಹೊಲಮನೆ ಮುಳುಗಡೆಯಾದ ಕುಟುಂಬದವರು ಇರುತ್ತಾರೆ. ಉದಾಹರಣೆಯ ಬಿಂದುಗಳಿಗೆ ಊರಿನ ಹೆಸರು ಇಡಬೇಡಿ, ಎ, ಬಿ, ಸಿ ಎಂದೇ ಇರಲಿ, ಅಂಕೆಗಳು ಕಲ್ಪಿತ ಎಂದು ಸ್ಲೈಡಿನ ಮೇಲೇ ಬರೆದಿರಲಿ. ಇಲ್ಲವಾದರೆ ತಮ್ಮ ಮನೆ ಯಾವ ಮಟ್ಟದಲ್ಲಿದೆ ಎಂಬ ಚರ್ಚೆಯಲ್ಲಿ ಗಂಟೆ ಹೋಗುತ್ತದೆ, ಅದಕ್ಕೆ ನಿಮ್ಮ ಬಳಿ ಉತ್ತರವೂ ಇರುವುದಿಲ್ಲ.

ಕಲ್ಪಿತ ಬೆಂಚ್ ಮಾರ್ಕ್ 525.000 ಎಂದಿಟ್ಟುಕೊಳ್ಳೋಣ. ಅನುಕ್ರಮವಾಗಿ ತೆಗೆದ ರೀಡಿಂಗ್‌ಗಳು 1.545, 2.120, 0.905, 1.380, 0.760, 1.875, 2.310. ನಾಲ್ಕನೆಯ ರೀಡಿಂಗ್ ಆದ ಮೇಲೆ ಉಪಕರಣ ಸರಿಸಲಾಗಿದೆ. ಎಲ್ಲ ಅಂಕೆಗಳೂ 5 ಮಿಲಿಮೀಟರಿನ ಗುಣಕದಲ್ಲಿವೆ ಎಂಬುದನ್ನು ಗಮನಿಸಿ. 1.543 ಎಂದು ಕೊಟ್ಟರೆ, ಪ್ರಾಯೋಗಿಕದಲ್ಲಿ ಸ್ಟಾಫ್ ಹಿಡಿದವರು ಇದನ್ನು ಹೇಗೆ ಓದಿದಿರಿ ಎಂದು ಕೇಳಬಹುದು. ತುಂಬಿದ ಕೋಷ್ಟಕ ಹೀಗಿರುತ್ತದೆ:

```
Stn   BS     IS     FS     HI       RL
BM    1.545                526.545  525.000
A            2.120                  524.425
B            0.905                  525.640
C     0.760         1.380  525.925  525.165
D            1.875                  524.050
E                   2.310           523.615
Sum   2.305         3.690

HI = RL + BS
RL = HI - (IS or FS)
2.305 - 3.690     = -1.385
523.615 - 525.000 = -1.385
```

ಮೂರು ಪ್ರಶ್ನೆ

ಒಂದು ಗಂಟೆಗೆ ತಪಾಸಣೆ ಪ್ರಶ್ನೆ ಮೂರು ಸಾಕು. ಪ್ರತಿ ತಪ್ಪು ಆಯ್ಕೆಯೂ ಒಂದು ನಿರ್ದಿಷ್ಟ ತಪ್ಪು ದಾರಿಯ ಫಲವಾಗಿರಬೇಕು. ಹಾಗಾದಾಗ ಎಷ್ಟು ಜನ ತಪ್ಪಿದರು ಎನ್ನುವುದರ ಜೊತೆಗೆ ಏಕೆ ತಪ್ಪಿದರು ಎನ್ನುವುದೂ ಗೊತ್ತಾಗುತ್ತದೆ.

ಮೊದಲ ಪ್ರಶ್ನೆ: ಉಪಕರಣ ಅಲ್ಲಾಡಿಸದೆ ಪಿ ಬಿಂದುವಿನಲ್ಲಿ 0.850, ಕ್ಯೂ ಬಿಂದುವಿನಲ್ಲಿ 1.650 ಓದಲಾಗಿದೆ. ಯಾವುದು ಎತ್ತರ? ಆಯ್ಕೆಗಳು ನಾಲ್ಕು. ಒಂದು, ಪಿ 0.800 ಮೀಟರ್ ಎತ್ತರ. ಎರಡು, ಕ್ಯೂ 0.800 ಮೀಟರ್ ಎತ್ತರ. ಮೂರು, ಬೆಂಚ್ ಮಾರ್ಕ್ ಗೊತ್ತಿಲ್ಲದೆ ಹೇಳಲಾಗದು. ನಾಲ್ಕು, ಉಪಕರಣ ಮಟ್ಟವಾಗಿರುವುದರಿಂದ ಎರಡೂ ಸಮ. ಉತ್ತರ ಮೊದಲನೆಯದು. ಎರಡನೆಯದನ್ನು ಆರಿಸಿದವರಿಗೆ ದೊಡ್ಡ ರೀಡಿಂಗ್ ಎಂದರೆ ಎತ್ತರ ಎಂಬ ಭ್ರಮೆ. ಮೂರನೆಯದನ್ನು ಆರಿಸಿದವರು ಎತ್ತರದ ವ್ಯತ್ಯಾಸವನ್ನೂ ಆರ್‌ಎಲ್ ಅನ್ನೂ ಒಂದು ಮಾಡಿಕೊಂಡಿದ್ದಾರೆ. ನಾಲ್ಕನೆಯದಕ್ಕೆ ಹೋದವರಿಗೆ ಮಟ್ಟವಾಗಿರುವುದು ನೋಟದ ರೇಖೆ, ನೆಲ ಅಲ್ಲ ಎಂಬುದು ಸಿಕ್ಕಿಲ್ಲ.

ಎರಡನೆಯ ಪ್ರಶ್ನೆ ಕೋಷ್ಟಕದ ನಡುವಿನಲ್ಲಿ ಬರುತ್ತದೆ. ಸಿ ಸಾಲಿನವರೆಗೆ ತುಂಬಿ ತೋರಿಸಿ, ಡಿ ಬಿಂದುವಿನ ಆರ್‌ಎಲ್ ಎಷ್ಟು ಎಂದು ಕೇಳುವುದು. ಆಯ್ಕೆಗಳು 524.050, 524.670, 523.290, 527.800. ಮೊದಲನೆಯದು ಸರಿ. 524.670 ಬಂದವರು ಹಳೆಯ 526.545ರಿಂದ ಕಳೆದಿದ್ದಾರೆ. 523.290 ಬಂದವರು ಹೊಸ ಹೈಟ್ ಆಫ್ ಇನ್‌ಸ್ಟ್ರುಮೆಂಟ್ ತೆಗೆಯದೆ ಸಿ ಬಿಂದುವಿನ ಆರ್‌ಎಲ್‌ನಿಂದಲೇ ಕಳೆದವರು. 527.800 ಕೂಡಿಸಿದವರದು.

ಇಲ್ಲಿ ಪ್ರಶ್ನೆ ಬರೆಯುವವರು ಬೀಳುವ ಒಂದು ಗುಂಡಿ ಇದೆ. ಚೇಂಜ್ ಪಾಯಿಂಟ್‌ನಲ್ಲಿ ಫೋರ್ ಸೈಟ್ 1.380 ಇದ್ದು, ಹೊಸ ಬ್ಯಾಕ್ ಸೈಟನ್ನೂ ಅವಸರದಲ್ಲಿ 1.380 ಎಂದೇ ಕೊಟ್ಟರೆ ಹೊಸ ಹೈಟ್ ಆಫ್ ಇನ್‌ಸ್ಟ್ರುಮೆಂಟ್ ಮತ್ತೆ 526.545 ಆಗುತ್ತದೆ. ಹಳೆಯದನ್ನೇ ಬಳಸಿದವನಿಗೂ ಸರಿ ಉತ್ತರ ಸಿಗುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಎರಡರ ನಡುವೆ ಹತ್ತಾರು ಮಿಲಿಮೀಟರಿನ ಅಂತರವಿದ್ದರೂ ಸಾಲದು, ಅದನ್ನು ಕಳೆಯುವ ತಪ್ಪೆಂದು ಅಂದುಕೊಳ್ಳುವ ಸಾಧ್ಯತೆ ಇದೆ. ಅರ್ಧ ಮೀಟರಿನಷ್ಟಾದರೂ ಅಂತರ ಇರಲಿ. ಯಾವ ಪ್ರಶ್ನೆಯನ್ನೇ ಬರೆದರೂ ಪ್ರತಿ ತಪ್ಪು ದಾರಿಯಲ್ಲಿ ನೀವೇ ಒಮ್ಮೆ ನಡೆದು, ಅದು ಬೇರೆ ಉತ್ತರಕ್ಕೇ ತಲುಪುತ್ತದೆ ಎಂದು ಖಾತ್ರಿ ಮಾಡಿಕೊಳ್ಳಿ.

ಮೂರನೆಯದು ತಾಳೆಯ ಮಿತಿಯ ಬಗ್ಗೆ. ವಿದ್ಯಾರ್ಥಿಯೊಬ್ಬ ಬಿ ಬಿಂದುವಿನ ಆರ್‌ಎಲ್ ಅನ್ನು 525.640 ಬದಲು 525.460 ಎಂದು ತಪ್ಪಾಗಿ ಬರೆದಿದ್ದಾನೆ. ಕೊನೆಯ ತಾಳೆ ಇದನ್ನು ಹಿಡಿಯುತ್ತದೆಯೆ? ಹೌದು, ಇಲ್ಲ ಎಂಬ ಎರಡೇ ಆಯ್ಕೆ, ಆದರೆ ಕಾರಣ ಒಂದು ಸಾಲಿನಲ್ಲಿ ಬರೆಯಬೇಕು. ಉತ್ತರ ಇಲ್ಲ. ಈ ಪದ್ಧತಿಯ ತಾಳೆಯಲ್ಲಿ ಬ್ಯಾಕ್ ಸೈಟ್, ಫೋರ್ ಸೈಟ್ ಮತ್ತು ಮೊದಲ-ಕೊನೆಯ ಆರ್‌ಎಲ್ ಮಾತ್ರ ಇವೆ. ಇಂಟರ್‌ಮೀಡಿಯೆಟ್ ಸೈಟ್‌ನ ಯಾವ ತಪ್ಪೂ ಅದರೊಳಗೆ ಬರುವುದಿಲ್ಲ. ರೈಸ್ ಅಂಡ್ ಫಾಲ್ ಪದ್ಧತಿಯನ್ನು ಮುಂದಿನ ತರಗತಿಯಲ್ಲಿ ಏಕೆ ಕಲಿಯಬೇಕು ಎನ್ನುವುದಕ್ಕೆ ಇದೇ ಪೀಠಿಕೆಯಾಗುತ್ತದೆ. ಅಲ್ಲಿ ಮಧ್ಯದ ಬಿಂದುಗಳ ಲೆಕ್ಕವೂ ತಾಳೆಗೆ ಸಿಗುತ್ತದೆ. ಸ್ಟಾಫನ್ನೇ ತಪ್ಪಾಗಿ ಓದಿದ್ದರೆ ಮಾತ್ರ ಎರಡೂ ಪದ್ಧತಿಯ ತಾಳೆ ಸುಮ್ಮನಿರುತ್ತದೆ.

ಉತ್ತರ ಕೇಳುವ ರೀತಿಯೂ ಮುಖ್ಯ. ಕೈ ಎತ್ತಿ ಎಂದರೆ ಮುಂದಿನ ಬೆಂಚಿನ ಜಾಣರನ್ನು ನೋಡಿ ಹಿಂದಿನವರು ಎತ್ತುತ್ತಾರೆ. ಒಂದು ನಿಮಿಷ ಮಾತಿಲ್ಲದೆ ನೋಟ್‌ಬುಕ್ಕಿನಲ್ಲಿ ಬರೆಯಲಿ. ಆಮೇಲೆ ನೀವು ಹೇಳಿದಾಗ ಎಲ್ಲರೂ ಒಟ್ಟಿಗೆ ಎದೆಯ ಹತ್ತಿರ ಒಂದರಿಂದ ನಾಲ್ಕು ಬೆರಳು ತೋರಿಸಲಿ. ಕಣ್ಣಳತೆಯಲ್ಲೇ ಎಣಿಸಿದರೆ ಸಾಕು. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಬೆಳೆಸಿದ ಪದ್ಧತಿಯಲ್ಲಿ ಇದಕ್ಕೊಂದು ಸರಳ ಅಳತೆ ಇದೆ. ಸರಿ ಉತ್ತರ ಶೇಕಡಾ 70ಕ್ಕಿಂತ ಹೆಚ್ಚಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗುವುದು. 30ಕ್ಕಿಂತ ಕಡಿಮೆ ಇದ್ದರೆ ವಿಷಯವನ್ನೇ ಇನ್ನೊಮ್ಮೆ ಹೇಳುವುದು. ನಡುವೆ ಇದ್ದರೆ ಉತ್ತರ ಹೇಳದೆ, ಪಕ್ಕದವನನ್ನು ಒಪ್ಪಿಸಿ ಎಂದು ಎರಡು ನಿಮಿಷ ಬಿಟ್ಟು ಮತ್ತೆ ಬೆರಳು ಕೇಳುವುದು. ನಮ್ಮ ತರಗತಿಗಳಲ್ಲಿ ಈ ಎರಡು ನಿಮಿಷಕ್ಕೆ ಇನ್ನೊಂದು ಲಾಭವಿದೆ: ಇಂಗ್ಲಿಷಿನಲ್ಲಿ ಕೇಳಿದ್ದನ್ನು ಹುಡುಗರು ತಮ್ಮ ಮಾತಿನಲ್ಲಿ ತಾವೇ ಬಿಡಿಸಿಕೊಳ್ಳುತ್ತಾರೆ.

ದಾರ, ಟೇಪು ಮತ್ತು ನೀರಿನ ಪೈಪು

ದೊಡ್ಡ ರೀಡಿಂಗ್ ಎಂದರೆ ತಗ್ಗು ಎಂಬುದನ್ನು ಮಾತಿನಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಲೆಕ್ಕದಲ್ಲಿ ಮತ್ತೆ ತಪ್ಪುತ್ತಾರೆ. ಇದನ್ನು ಕೈಯಿಂದ ಅಳೆಸಬೇಕು. ಲೆವೆಲ್ ಬೇಕಿಲ್ಲ, ಗೌಂಡಿಗಳ ಸಾಮಾನು ಸಾಕು: ಗಟ್ಟಿ ನೈಲಾನ್ ದಾರ, ಹತ್ತು ಮೀಟರಿನಷ್ಟು ಪಾರದರ್ಶಕ ಲೆವೆಲ್ ಪೈಪು, ಗುಂಪಿಗೊಂದು ಸ್ಟೀಲ್ ಟೇಪು.

ತರಗತಿ ಶುರುವಾಗುವ ಮುಂಚೆ ಪೈಪಿಗೆ ನೀರು ತುಂಬಿಸಿಡಿ. ಬಕೆಟ್‌ನಿಂದ ಎಳೆದು ನಿಧಾನಕ್ಕೆ ತುಂಬಬೇಕು. ನಲ್ಲಿಗೆ ಹಿಡಿದು ರಭಸವಾಗಿ ತುಂಬಿದರೆ ಗಾಳಿಗುಳ್ಳೆ ನಿಂತು ಎರಡು ತುದಿಯ ಮಟ್ಟ ತಪ್ಪುತ್ತದೆ. ಖಾತ್ರಿಗೆ ಎರಡೂ ತುದಿಗಳನ್ನು ಜೋಡಿಸಿ ಹಿಡಿಯಿರಿ. ನೀರು ಒಂದೇ ಮಟ್ಟಕ್ಕೆ ಬರದಿದ್ದರೆ ಒಳಗೆ ಗುಳ್ಳೆ ಇದೆ. ಪೈಪು ಸರಿಯಿದ್ದರೆ ಕೋಣೆಯ ಎರಡು ಎದುರು ಗೋಡೆಗಳ ಮೇಲೆ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಒಂದೇ ಮಟ್ಟದ ಗುರುತು ಹಾಕಿ, ದಾರ ಬಿಗಿದು ಕಟ್ಟಿ. ದಾರ ನಡುವೆ ಜೋಲುತ್ತದೆ. ಆರು ಮೀಟರ್ ಕೋಣೆಯಲ್ಲಿ ಚೆನ್ನಾಗಿ ಬಿಗಿದರೂ ಸ್ವಲ್ಪ ಜೋಲು ಉಳಿಯುತ್ತದೆ, ಆದ್ದರಿಂದ ಉತ್ತರವನ್ನು ಸೆಂಟಿಮೀಟರಿಗೆ ಮಾತ್ರ ಬರೆಸಿ.

ಐದೈದು ಜನರ ಗುಂಪು ಮಾಡಿ. ದಾರದ ಕೆಳಗೆ ನಾಲ್ಕು ಜಾಗ ಅಳೆಯಬೇಕು: ನೆಲ, ಬೆಂಚಿನ ಸೀಟು, ಡೆಸ್ಕಿನ ಮೇಲ್ಮೈ, ವೇದಿಕೆ. ಟೇಪಿನ ಸೊನ್ನೆ ವಸ್ತುವಿನ ಮೇಲೆ, ಓದುವುದು ದಾರದ ಹತ್ತಿರ. ಸ್ಟಾಫ್ ಇರುವುದೂ ಹಾಗೆಯೇ, ಸೊನ್ನೆ ಕೆಳಗೆ. ಟೇಪನ್ನು ದಾರದಿಂದ ಕೆಳಕ್ಕೆ ಬಿಟ್ಟರೂ ಅದೇ ಅಳತೆ ಬರುತ್ತದೆ, ಆದರೆ ಸ್ಟಾಫ್‌ನ ರೂಪ ಮನಸ್ಸಿನಲ್ಲಿ ಕೂರುವುದಿಲ್ಲ. ಆಮೇಲೆ ಒಂದೇ ಕೇಳಿ: ನೆಲದ ಆರ್‌ಎಲ್ 525.00 ಎಂದರೆ ದಾರದ ಆರ್‌ಎಲ್ ಎಷ್ಟು, ಡೆಸ್ಕಿನದು ಎಷ್ಟು? ದಾರದ್ದು ನೆಲಕ್ಕೆ ಕೂಡಿಸಿ ಬಂತು, ಡೆಸ್ಕಿನದು ದಾರದಿಂದ ಕಳೆದು ಬಂತು. ಸೂತ್ರಗಳೆರಡೂ ಬೋರ್ಡಿಗೆ ಬರುವ ಮುಂಚೆಯೇ ಅವರ ನೋಟ್‌ಬುಕ್ಕಿನಲ್ಲಿ ಇರುತ್ತವೆ. ಡೆಸ್ಕಿನ ಎತ್ತರವನ್ನು ನೆಲದಿಂದ ನೇರ ಅಳೆದು ಹೋಲಿಸಿದರೆ ಉತ್ತರ ಸರಿಯೇ ಎಂದು ತಾವೇ ನೋಡಿಕೊಳ್ಳುತ್ತಾರೆ.

ಹನ್ನೆರಡು ಗುಂಪು ಒಂದೇ ದಾರದ ಕೆಳಗೆ ಮುಗಿಬಿದ್ದರೆ ಗದ್ದಲ. ಎರಡು ದಾರ ಕಟ್ಟಿ, ಎರಡನೆಯದನ್ನು ಬೇಕೆಂದೇ ಇಪ್ಪತ್ತು ಸೆಂಟಿಮೀಟರ್ ಕೆಳಗೆ ಇಡಿ. ಎರಡು ಕಡೆಯ ಗುಂಪುಗಳಿಗೆ ಅದೇ ಡೆಸ್ಕಿಗೆ ಬೇರೆ ರೀಡಿಂಗ್, ಅದೇ ಆರ್‌ಎಲ್ ಬರುತ್ತದೆ. ಉಪಕರಣ ಸರಿಸಿದಾಗ ಏನಾಗುತ್ತದೆ ಎಂಬ ವಿವರಣೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಈಗ ಸ್ಲೈಡ್

ಇಷ್ಟಾದ ಮೇಲೆ ಸ್ಲೈಡಿಗೆ ಉಳಿಯುವುದು ಸ್ವಲ್ಪವೇ. ಆಲಮಟ್ಟಿಯ ಪ್ರಶ್ನೆ ಒಂದು, ದಾರದ ಚಟುವಟಿಕೆಯ ಸೂಚನೆ ಒಂದು, ದಾರ-ಟೇಪಿನ ಗೆರೆಚಿತ್ರ ಒಂದು, ಕೋಷ್ಟಕ ತುಂಬುವ ಆರು, ಪ್ರಶ್ನೆ ಮೂರು ಮತ್ತು ಅವುಗಳ ಉತ್ತರ ಮೂರು, ಕೆಲಸದ ಹಾಳೆಯ ಸೂಚನೆ ಒಂದು. ಒಟ್ಟು ಹದಿನಾರು, ಅವುಗಳಲ್ಲಿ ಹೆಚ್ಚಿನವು ಕೆಲವೇ ಸೆಕೆಂಡು ನಿಲ್ಲುವಂಥವು.

ಕಷ್ಟ ಇರುವುದು ಕೋಷ್ಟಕದಲ್ಲಿ. ಪುಸ್ತಕದ ಪುಟದ ಫೋಟೊ ಹಾಕಿದರೆ ಆರು ಕಾಲಂ ಅಂಕೆಗಳು ಒಮ್ಮೆಲೇ ಕಣ್ಣಿಗೆ ಬೀಳುತ್ತವೆ, ಯಾವುದು ಮೊದಲು ಬಂತು ಯಾವುದು ಆಮೇಲೆ ಎಂಬುದೇ ಮಾಯವಾಗುತ್ತದೆ. ಲೆಕ್ಕ ಒಂದೊಂದೇ ಸಾಲಾಗಿ ಬೆಳೆಯಬೇಕು. ಇದಕ್ಕೆ ಅನಿಮೇಷನ್ ಬಳಸುವುದಕ್ಕಿಂತ ಸುಲಭ ಉಪಾಯ, ಹಿಂದಿನಿಂದ ಮುಂದಕ್ಕೆ ಬರುವುದು. ಮೊದಲು ಪೂರ್ತಿ ತುಂಬಿದ ಕೋಷ್ಟಕದ ಸ್ಲೈಡ್ ಮಾಡಿ. ಪವರ್‌ಪಾಯಿಂಟ್‌ನ ಎಡಬದಿಯ ಪಟ್ಟಿಯಲ್ಲಿ ಅದನ್ನು ಆರಿಸಿ `Ctrl+D` ಒತ್ತಿ ಪ್ರತಿ ತೆಗೆಯಿರಿ. ಎರಡರಲ್ಲಿ ಮೇಲಿನದರಿಂದ ಕೊನೆಯ ಹಂತದ ಅಂಕೆ ಅಳಿಸಿ. ಆ ಅಳಿಸಿದ್ದರ ಪ್ರತಿ ತೆಗೆದು, ಮತ್ತೆ ಮೇಲಿನದರಿಂದ ಅದರ ಹಿಂದಿನ ಹಂತ ಅಳಿಸಿ. ಹೀಗೆ ಬೆಂಚ್ ಮಾರ್ಕ್ ಸಾಲಿನ ಅಂಕೆಗಳು ಮಾತ್ರ ಉಳಿಯುವವರೆಗೆ ಬನ್ನಿ. ಅಂಕೆ ಮಾತ್ರ ಅಳಿಸಬೇಕು, ಸಾಲನ್ನೇ ತೆಗೆಯಬಾರದು. ಸಾಲು ತೆಗೆದರೆ ಉಳಿದದ್ದು ಮೇಲೆ-ಕೆಳಗೆ ಜಿಗಿದು, ನೋಡುವವರ ಕಣ್ಣು ತಪ್ಪುತ್ತದೆ.

ಆರು ಹಂತ ಯಾವುವು? ಬೆಂಚ್ ಮಾರ್ಕ್ ಸಾಲು, ಎ ಮತ್ತು ಬಿ, ಸಿ ಬಿಂದುವಿನ ಫೋರ್ ಸೈಟ್ ಮತ್ತು ಆರ್‌ಎಲ್ ಮಾತ್ರ, ಅದೇ ಸಾಲಿನಲ್ಲಿ ಹೊಸ ಬ್ಯಾಕ್ ಸೈಟ್ ಮತ್ತು ಹೊಸ ಹೈಟ್ ಆಫ್ ಇನ್‌ಸ್ಟ್ರುಮೆಂಟ್, ಡಿ ಮತ್ತು ಇ, ತಾಳೆ. ಸಿ ಸಾಲಿಗೆ ಎರಡು ಸ್ಲೈಡ್ ಕೊಟ್ಟದ್ದು ಬೇಕೆಂದೇ. ಒಂದೇ ಬಿಂದು ಹಳೆಯ ನಿಲುವಿಗೆ ಕೊನೆ, ಹೊಸ ನಿಲುವಿಗೆ ಮೊದಲು ಎಂಬುದು ಕಾಣಬೇಕಾದದ್ದು ಅಲ್ಲಿಯೇ. ಎರಡನೆಯ ಪ್ರಶ್ನೆ ನಾಲ್ಕನೆಯ ಮತ್ತು ಐದನೆಯ ಹಂತದ ನಡುವೆ ಕೂರುತ್ತದೆ.

ಅಕ್ಷರದ ಗಾತ್ರವನ್ನು ಅಂದಾಜಿಗೆ ಬಿಡಬೇಡಿ. ಪವರ್‌ಪಾಯಿಂಟ್‌ನ ಅಗಲ ಸ್ಲೈಡಿನ ಎತ್ತರ 7.5 ಇಂಚು, ಅಂದರೆ 540 ಪಾಯಿಂಟ್. ಗೋಡೆಯ ಮೇಲೆ ಚಿತ್ರದ ಎತ್ತರ 1.2 ಮೀಟರ್ ಬಿದ್ದರೆ 28 ಪಾಯಿಂಟಿನ ಸಾಲಿಗೆ 6 ಸೆಂಟಿಮೀಟರಿನಷ್ಟು ಜಾಗ ಸಿಗುತ್ತದೆ, 14 ಪಾಯಿಂಟಿಗೆ 3 ಸೆಂಟಿಮೀಟರ್. ಕನ್ನಡದಲ್ಲಿ ಒತ್ತಕ್ಷರಗಳೂ ಆ ಜಾಗದೊಳಗೇ ಹಿಡಿಯಬೇಕಾದ್ದರಿಂದ ಮೂಲ ಅಕ್ಷರ ಇನ್ನೂ ಚಿಕ್ಕದು, ಎಂಟು ಮೀಟರ್ ದೂರದ ಹಿಂದಿನ ಬೆಂಚಿಗೆ ತ್ರಾಸು. ಕನ್ನಡ ವಾಕ್ಯಗಳಿಗೆ 28, ಕೋಷ್ಟಕದ ಅಂಕೆಗಳಿಗೆ 24 ಇಟ್ಟರೆ ಎಂಟು ಸಾಲಿನ ಈ ಕೋಷ್ಟಕ ಒಂದು ಸ್ಲೈಡಿನಲ್ಲಿ ನಿಲ್ಲುತ್ತದೆ. ಷರಾ ಕಾಲಂ ಬಿಟ್ಟರೆ ಇನ್ನೂ ಸಲೀಸು. ಹೊಸದಾಗಿ ಬಂದ ಅಂಕೆಯನ್ನು ದಪ್ಪ ಅಕ್ಷರದಲ್ಲಿಡಿ, ಹಳದಿ ಬಣ್ಣದಲ್ಲಿ ಬೇಡ. ಕಿಟಕಿಯ ಬಿಸಿಲು ಬೀಳುವ ಕೋಣೆಯಲ್ಲಿ ಬಿಳಿಯ ಮೇಲಿನ ಹಳದಿ ಅಳಿಸಿದಂತೆಯೇ.

ಫಾಂಟಿನ ತೊಂದರೆ ಗೊತ್ತಿದ್ದದ್ದೇ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಸ್ಲೈಡ್, ಆ ಫಾಂಟ್ ಇಲ್ಲದ ಸ್ಮಾರ್ಟ್ ಕ್ಲಾಸ್ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿ, ವಿಂಡೋಸ್ ಜೊತೆಗೇ ಬರುವ `Nirmala UI` ಬಳಸಿ, ಪೆನ್‌ಡ್ರೈವಿನಲ್ಲಿ ಪಿಡಿಎಫ್ ಪ್ರತಿಯೊಂದು ಇಟ್ಟುಕೊಳ್ಳಿ. ಪಿಡಿಎಫ್‌ಗೆ ತಿರುಗಿಸಿದಾಗ ಅನಿಮೇಷನ್ ಉಳಿಯುವುದಿಲ್ಲ. ಪ್ರಶ್ನೆಯ ಮೇಲೆಯೇ ಕ್ಲಿಕ್ಕಿಗೆ ಬರುವ ಉತ್ತರ ಇಟ್ಟಿದ್ದರೆ ಅದು ಮೊದಲೇ ಕಾಣುತ್ತದೆ. ಉತ್ತರಕ್ಕೆ ಬೇರೆ ಸ್ಲೈಡ್ ಎಂದು ಮೇಲೆ ಎಣಿಸಿದ್ದು ಇದಕ್ಕೇ. ವಾಟ್ಸಪ್ ಗುಂಪಿಗೆ ಹಾಕುವ ಪ್ರತಿಯಿಂದ ಆ ಮೂರು ಸ್ಲೈಡ್ ತೆಗೆಯುವುದೂ ಆಗ ಸುಲಭ.

ಯಾವ ತಪ್ಪು ಆಯ್ಕೆಯ ಹಿಂದೆ ಯಾವ ಭ್ರಮೆ ಇದೆ ಎಂಬುದನ್ನು ಸ್ಲೈಡಿನ ಕೆಳಗಿನ ನೋಟ್ಸ್ ಜಾಗದಲ್ಲಿ ಬರೆದಿಡಿ. ತರಗತಿಯ ಗದ್ದಲದಲ್ಲಿ 523.290 ಎಲ್ಲಿಂದ ಬಂತು ಎಂದು ನೆನಪಾಗುವುದಿಲ್ಲ.

ಕೈಯಿಂದ ಮಾಡುವ ಹಾಳೆ

ಮೂರನೆಯ ಪ್ರಶ್ನೆಗೆ ಮುಂಚೆ ಹನ್ನೆರಡು ನಿಮಿಷ ಹಾಳೆಯ ಕೆಲಸ. ತೋರಿಸಿದ ಉದಾಹರಣೆಯಿಂದ ನೇರ ಪರೀಕ್ಷೆಯ ಲೆಕ್ಕಕ್ಕೆ ಹಾರಿದರೆ ಅರ್ಧ ತರಗತಿ ಖಾಲಿ ಕೋಷ್ಟಕ ನೋಡುತ್ತ ಕೂರುತ್ತದೆ. ನಡುವೆ ಅರ್ಧ ತುಂಬಿದ ಒಂದು ಲೆಕ್ಕ ಬೇಕು. ಬೆಂಚ್ ಮಾರ್ಕ್ 521.500, ಬ್ಯಾಕ್ ಸೈಟ್ 0.985, ಪಿ ಬಿಂದುವಿನ ಇಂಟರ್‌ಮೀಡಿಯೆಟ್ ಸೈಟ್ 1.640, ಕ್ಯೂ ಚೇಂಜ್ ಪಾಯಿಂಟ್‌ನಲ್ಲಿ ಫೋರ್ ಸೈಟ್ 2.215 ಮತ್ತು ಬ್ಯಾಕ್ ಸೈಟ್ 1.705, ಆರ್ ಬಿಂದುವಿನ ಫೋರ್ ಸೈಟ್ 0.640. ಮೊದಲ ಹೈಟ್ ಆಫ್ ಇನ್‌ಸ್ಟ್ರುಮೆಂಟ್ 522.485, ಪಿ ಬಿಂದುವಿನ ಆರ್‌ಎಲ್ 520.845 ತುಂಬಿಯೇ ಕೊಡಿ. ಉಳಿದದ್ದು ಅವರದು: ಕ್ಯೂ 520.270, ಹೊಸ ಹೈಟ್ ಆಫ್ ಇನ್‌ಸ್ಟ್ರುಮೆಂಟ್ 521.975, ಆರ್ 521.335, ತಾಳೆ ಎರಡೂ ಕಡೆ −0.165.

ಮುಗಿಸಿದವರಿಗೆ ಹಾಳೆಯ ಹಿಂಬದಿಯಲ್ಲಿ ಸಾಲಾಗಿ ಒಂಬತ್ತು ರೀಡಿಂಗ್, ನಾಲ್ಕನೆಯ ಮತ್ತು ಏಳನೆಯದರ ನಂತರ ಉಪಕರಣ ಸರಿಸಿದೆ ಎಂಬ ಸೂಚನೆ. ಮೊದಲು ಕೋಷ್ಟಕಕ್ಕೆ ಎಷ್ಟು ಸಾಲು ಬೇಕು ಎಂದು ಬರೆಯಬೇಕು. ರೀಡಿಂಗ್‌ಗಳ ಸಂಖ್ಯೆಯಿಂದ ಸರಿಸಿದ ಸಲಗಳನ್ನು ಕಳೆದರೆ ಏಳು. ಆರ್‌ಎಲ್ ತೆಗೆಯುವುದು ಮನೆಗೆ. ಈ ಹಿಂಬದಿಯನ್ನು ಎಲ್ಲರೂ ಮುಗಿಸಲಿ ಎಂದು ಕಾಯಬೇಡಿ. ಅದು ಬೇಗ ಮುಗಿಸಿ ಮಾತಿಗಿಳಿಯುವವರಿಗೆ.

ಆಲಮಟ್ಟಿಗೆ ಮರಳುವ ಒಂದು ಪ್ರಶ್ನೆಯನ್ನೂ ಹಾಳೆಯ ಕೊನೆಗೆ ಸೇರಿಸಬಹುದು: ಸ್ಲೈಡಿನ ಉದಾಹರಣೆಯ ಜಾಗದಲ್ಲಿ ನೀರು 524.256 ಮಟ್ಟಕ್ಕೆ ನಿಂತರೆ ಯಾವ ಬಿಂದುಗಳು ನೀರಿನಡಿ, ಎಷ್ಟು ಆಳ? ಡಿ 0.206 ಮೀಟರ್, ಇ 0.641 ಮೀಟರ್. ಎ ಬಿಂದು 0.169 ಮೀಟರಿನಿಂದ ಉಳಿಯುತ್ತದೆ. ಹಳೆಯ ಹೈಟ್ ಆಫ್ ಇನ್‌ಸ್ಟ್ರುಮೆಂಟ್ ಬಳಸಿ ಡಿ ಬಿಂದುವನ್ನು 524.670 ಎಂದು ತೆಗೆದವನ ನಕ್ಷೆಯಲ್ಲಿ ಅದು ಒಣ ನೆಲವಾಗಿ ಕಾಣುತ್ತದೆ. ಆ ತಪ್ಪಿನ ಬೆಲೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತರಗತಿ ಮುಗಿದ ಕೂಡಲೇ, ಮುಂದಿನ ಗಂಟೆಗೆ ಓಡುವ ಮುಂಚೆ, ಮೂರು ಪ್ರಶ್ನೆಗಳಿಗೂ ಬಂದ ಬೆರಳುಗಳ ಅಂದಾಜನ್ನು ನೋಟ್ಸ್ ಜಾಗದಲ್ಲಿ ಗೀಚಿಡಿ. ಯಾರೂ ಮುಟ್ಟದ ಆಯ್ಕೆ ಇದ್ದರೆ ಅದು ಕೆಲಸಕ್ಕೆ ಬಾರದ್ದು, ಮೂರನೆಯ ಸೆಮಿಸ್ಟರಿನವರ ಹಾಳೆಗಳಲ್ಲಿ ಸಿಕ್ಕ ನಿಜವಾದ ತಪ್ಪೊಂದನ್ನು ಅದರ ಜಾಗಕ್ಕೆ ಹಾಕಿ. 527.800 ಬಹುಶಃ ಮೊದಲು ಹೋಗುವ ಆಯ್ಕೆ: ದಾರದ ಚಟುವಟಿಕೆ ಸರಿಯಾಗಿ ನಡೆದರೆ ಕೂಡಿಸುವವರು ಉಳಿಯುವುದಿಲ್ಲ.